ನೂರರ ಗೆರೆ ಸಾಕೇ? ಮಸುಕಾದ ಫೋಟೋಗಳನ್ನು ಲೆಕ್ಕದಿಂದ ಹೆಕ್ಕುವ ವಿಧಾನದ ಒಂದು ಸಮೀಕ್ಷೆ

ಸಾವಿರಾರು ಫೋಟೋ ತುಂಬಿದ ಫೋಲ್ಡರಿನಿಂದ ಮಸುಕಾದವನ್ನು ತಾನಾಗಿಯೇ ಹೆಕ್ಕಿ ತೆಗೆಯುವ ಪ್ರೋಗ್ರಾಂ ಬೇಕೆಂದು ಪೈಥಾನ್ ಬಲ್ಲ ಯಾರನ್ನೇ ಕೇಳಿ, ಹೆಚ್ಚಿನವರು ಒಂದೇ ಸಾಲು ಬರೆದು ಕೊಡುತ್ತಾರೆ:

```python
cv2.Laplacian(gray, cv2.CV_64F).var()
```

ಕಪ್ಪು-ಬಿಳುಪಿಗೆ ತಂದ ಚಿತ್ರಕ್ಕೆ ಲಾಪ್ಲಾಸಿಯನ್ ಹಾಕು, ಬಂದ ಬೆಲೆಗಳ ವೇರಿಯನ್ಸ್ ತೆಗೆ. ಉತ್ತರ 100ಕ್ಕಿಂತ ಕಡಿಮೆಯಾದರೆ ಮಸುಕು, ಮೇಲಾದರೆ ಸ್ಪಷ್ಟ. ಈ 100 ಯಾವ ಸಿದ್ಧಾಂತದಿಂದಲೂ ಹುಟ್ಟಿದ್ದಲ್ಲ. ಕಲಿಕೆಯ ಉದಾಹರಣೆಗಳಲ್ಲಿ ಬಂದು, ನಕಲಾಗುತ್ತಾ ಹೋಗಿ, ಕೊನೆಗೆ ನಿಯಮದಂತೆ ನಿಂತುಬಿಟ್ಟ ಸಂಖ್ಯೆ ಅದು. ಅಳತೆಯೇನೋ ಒಳ್ಳೆಯದೇ. ತೊಡಕಿರುವುದು ಅದನ್ನು ಯಾವ ಕೆಲಸಕ್ಕೆ ಬಳಸುತ್ತಿದ್ದೇವೆ ಎಂಬುದರಲ್ಲಿ.

ಈ ಅಳತೆ ಫೋಟೋ ಆಲ್ಬಮ್ಮುಗಳಿಗಾಗಿ ಹುಟ್ಟಿದ್ದಲ್ಲ. 2000ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ಪೆಚ್-ಪಚೆಕೊ, ಕ್ರಿಸ್ಟೋಬಲ್ ಮತ್ತು ಸಂಗಡಿಗರು ಇದನ್ನು ಮಂಡಿಸಿದ್ದು ಡಯಾಟಮ್‌ಗಳಿಗಾಗಿ, ಅಂದರೆ ನೀರಿನಲ್ಲಿರುವ, ಗಾಜಿನಂಥ ಚಿಪ್ಪಿನ ಒಂಟಿಕೋಶದ ಪಾಚಿಗಳಿಗಾಗಿ. ಸೂಕ್ಷ್ಮದರ್ಶಕ ತಾನೇ ಫೋಕಸ್ ಮಾಡಿಕೊಳ್ಳಬೇಕಿತ್ತು. ಗಾಜಿನ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಮೇಲೆ ಕೆಳಗೆ ಸರಿಸುತ್ತಾ ಪ್ರತಿ ಹಂತದಲ್ಲಿ ಒಂದು ಚಿತ್ರ ತೆಗೆದು, ಎಲ್ಲಿ ಅಳತೆ ಅತಿ ಹೆಚ್ಚು ಬರುತ್ತದೋ ಅಲ್ಲೇ ನಿಲ್ಲಿಸಿದರಾಯಿತು. ಗಮನಿಸಬೇಕಾದ್ದು ಇಷ್ಟು: ಅಲ್ಲಿ ಹೋಲಿಸುತ್ತಿದ್ದುದು ಒಂದೇ ಡಯಾಟಮ್‌ನ, ಒಂದೇ ಬೆಳಕಿನ, ಒಂದೇ ಕ್ಯಾಮೆರಾದ ಹಲವು ಚಿತ್ರಗಳನ್ನು. ಬದಲಾಗುತ್ತಿದ್ದುದು ಫೋಕಸ್ ಮಾತ್ರ. ಯಾವ ಚಿತ್ರ ಹೆಚ್ಚು ಸ್ಪಷ್ಟ ಎಂಬುದು ಅಲ್ಲಿನ ಪ್ರಶ್ನೆ. ಈ ಚಿತ್ರ ಸ್ಪಷ್ಟವೇ ಅಲ್ಲವೇ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಮದುವೆಯ ಫೋಟೋಗಳಿಗೆ, ಪ್ರವಾಸದ ಫೋಟೋಗಳಿಗೆ ನಾವು ಹಾಕುತ್ತಿರುವುದು ಎರಡನೆಯ ಪ್ರಶ್ನೆ.

ಇವೆರಡರ ನಡುವಿನ ಅಂತರ ಎಷ್ಟು ದೊಡ್ಡದು ಎನ್ನುವುದು ಕಾಗದ-ಪೆನ್ಸಿಲ್ ಹಿಡಿದು ಕೂತರೆ ಗೊತ್ತಾಗುತ್ತದೆ. ಲಾಪ್ಲಾಸಿಯನ್ ಮಾಡುವುದು ಸರಳ ಕೆಲಸ. ಪ್ರತಿ ಪಿಕ್ಸೆಲ್‌ನ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ನಾಲ್ಕು ಬೆಲೆಗಳನ್ನು ಕೂಡಿ, ಅದರಿಂದ ಆ ಪಿಕ್ಸೆಲ್‌ನ ಬೆಲೆಯ ನಾಲ್ಕರಷ್ಟನ್ನು ಕಳೆಯುತ್ತದೆ. ನೆರೆಹೊರೆಯೆಲ್ಲ ಒಂದೇ ಸಮನಾಗಿದ್ದರೆ ಉತ್ತರ ಸೊನ್ನೆ. ಬೆಳಕು ಒಂದೇ ಏರಿನಲ್ಲಿ ನಿಧಾನವಾಗಿ ಏರುತ್ತಾ ಹೋದರೂ ಸೊನ್ನೆಯೇ. ಏರು ಥಟ್ಟನೆ ಶುರುವಾಗುವಲ್ಲಿ ಅಥವಾ ಥಟ್ಟನೆ ಮುಗಿಯುವಲ್ಲಿ ಮಾತ್ರ ದೊಡ್ಡ ಬೆಲೆ ಬರುತ್ತದೆ.

ಒಂದು ಸಾಲಿನಲ್ಲಿ ಪಿಕ್ಸೆಲ್‌ಗಳ ಬೆಲೆ 50, 50, 50, 150, 150, 150 ಎಂದಿದೆ ಎಂದುಕೊಳ್ಳೋಣ. ಕಪ್ಪಿನಿಂದ ಬಿಳುಪಿಗೆ ಒಂದೇ ನೆಗೆತ. ಅಚ್ಚುಕಟ್ಟಾದ ಲಂಬ ಅಂಚು. ನೆಗೆತದ ಎಡಬದಿಯ ಪಿಕ್ಸೆಲ್‌ನಲ್ಲಿ ಲಾಪ್ಲಾಸಿಯನ್ +100, ಬಲಬದಿಯಲ್ಲಿ -100, ಉಳಿದೆಡೆ ಸೊನ್ನೆ. ವರ್ಗ ಮಾಡಿ ಕೂಡಿದರೆ 20,000. ಈಗ ಅದೇ ಅಂಚು ಫೋಕಸ್ ತಪ್ಪಿ ಐದು ಹೆಜ್ಜೆಗೆ ಹರಡಿಕೊಂಡಿತು ಎನ್ನಿ: 50, 70, 90, 110, 130, 150. ಏರಿನ ಬುಡದಲ್ಲಿ +20, ತುದಿಯಲ್ಲಿ -20, ನಡುವೆ ಸೊನ್ನೆ. ವರ್ಗಗಳ ಮೊತ್ತ 800. ಕಪ್ಪು ಬಿಳುಪು ಎರಡೂ ಹಾಗೆಯೇ ಇವೆ, ಅಂಚು ಮಾತ್ರ ಸಡಿಲವಾಗಿದೆ; ಮೊತ್ತ ಇಪ್ಪತ್ತೈದು ಪಟ್ಟು ಇಳಿಯಿತು. ಮಸುಕನ್ನು ಈ ಅಳತೆ ಅಷ್ಟು ಚುರುಕಾಗಿ ಹಿಡಿಯುವುದರ ಕಾರಣ ಇದೇ. ಲೆನ್ಸಿನ ಮಸುಕನ್ನು ಗಾಸಿಯನ್ ಎಂದು ಭಾವಿಸಿದರೆ, ಮಸುಕಿನ ಅಗಲ ಇಮ್ಮಡಿಯಾದಾಗ ಅಂಚಿನ ಕೊಡುಗೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ವೇರಿಯನ್ಸ್ ಎಂದರೆ ಈ ವರ್ಗಗಳ ಸರಾಸರಿ, ಅಂದರೆ ಶಾಲೆಯ ಮಾನಕ ವಿಚಲನೆಯ ವರ್ಗ. ಲಾಪ್ಲಾಸಿಯನ್ ಬೆಲೆಗಳ ಸರಾಸರಿ ಹೆಚ್ಚುಕಡಿಮೆ ಸೊನ್ನೆಯೇ ಆಗಿರುವುದರಿಂದ ಅದನ್ನು ಮರೆತು ಲೆಕ್ಕ ಹಾಕಬಹುದು. ಚಿತ್ರದ ಅಗಲ 1000 ಪಿಕ್ಸೆಲ್ ಇದ್ದು, ಮೇಲಿನಿಂದ ಕೆಳಗಿನವರೆಗೆ ಅಂಥ ಹತ್ತು ಅಚ್ಚುಕಟ್ಟಾದ ಅಂಚುಗಳಿದ್ದರೆ ವೇರಿಯನ್ಸ್ 200. ಹತ್ತೂ ಮಸುಕಾದರೆ 8. ನೂರರ ಗೆರೆ ಇವೆರಡನ್ನು ಸಲೀಸಾಗಿ ಬೇರ್ಪಡಿಸುತ್ತದೆ. ಆದರೆ ಚಿತ್ರದಲ್ಲಿ ಇರುವುದೇ ಒಂದು ಅಂಚು ಎಂದರೆ? ಬಿಳಿ ಗೋಡೆ, ಅದರ ಪಕ್ಕಕ್ಕೆ ಖಾಲಿ ಆಕಾಶ. ಕೂದಲು ಸೀಳುವಷ್ಟು ಸ್ಪಷ್ಟವಾಗಿದ್ದರೂ ಅದರ ವೇರಿಯನ್ಸ್ 20. ಪ್ರೋಗ್ರಾಂ ಅದನ್ನು ಕಸದ ಬುಟ್ಟಿಗೆ ಹಾಕುತ್ತದೆ. ಅಂದರೆ ಈ ಸಂಖ್ಯೆ ಎರಡು ವಿಷಯಗಳ ಗುಣಲಬ್ಧ: ಚಿತ್ರದಲ್ಲಿ ಎಷ್ಟು ಅಂಚುಗಳಿವೆ ಎಂಬುದು ಒಂದು, ಅವು ಎಷ್ಟು ಹರಿತವಾಗಿವೆ ಎಂಬುದು ಇನ್ನೊಂದು. ನಮಗೆ ಬೇಕಾದದ್ದು ಎರಡನೆಯದು ಮಾತ್ರ. ಕೊಡಚಾದ್ರಿಯ ಮಂಜು ಎಷ್ಟೇ ಚೆನ್ನಾಗಿ ಸೆರೆಯಾಗಿದ್ದರೂ ಕಡಿಮೆ ಅಂಕ ಪಡೆಯುತ್ತದೆ. ಒಣಹುಲ್ಲಿನ ಬಣವೆಯ ಫೋಟೋ ತುಸು ಮಸುಕಾಗಿದ್ದರೂ ಪಾಸಾಗುತ್ತದೆ.

ಬೆಳಕಿನ ಅಂತರವೂ ಈ ಗುಣಲಬ್ಧದೊಳಗೆ ನುಸುಳುತ್ತದೆ. ಕಪ್ಪು-ಬಿಳುಪಿನ ಅಂತರ ಅರ್ಧವಾದರೆ ಲಾಪ್ಲಾಸಿಯನ್ ಬೆಲೆಗಳೂ ಅರ್ಧ, ಅವುಗಳ ವರ್ಗ ಕಾಲು ಭಾಗ. ಫ್ಲ್ಯಾಶ್ ಹೊತ್ತದೆ ಕತ್ತಲಾದ ಫೋಟೋ ಅಚ್ಚುಕಟ್ಟಾಗಿ ಫೋಕಸ್ ಆಗಿದ್ದರೂ 200ರಿಂದ 50ಕ್ಕೆ ಬೀಳುತ್ತದೆ. ಇದಕ್ಕೆ ಮದ್ದು ಸುಲಭ: ಬಂದ ಬೆಲೆಯನ್ನು ಮೂಲ ಚಿತ್ರದ ವೇರಿಯನ್ಸಿನಿಂದ ಭಾಗಿಸಿದರೆ ಬೆಳಕಿನ ಏರಿಳಿತ ಎರಡೂ ಕಡೆಯಿಂದ ಹೊಡೆದುಹೋಗುತ್ತದೆ.

ಕತ್ತಲಲ್ಲಿ ತೆಗೆದ ಫೋಟೋಗಳಲ್ಲಿ ಕಾಣುವ ಮರಳುಮರಳಾದ ನಾಯ್ಸ್ ಅಷ್ಟು ಸುಲಭದ್ದಲ್ಲ. ಪ್ರತಿ ಪಿಕ್ಸೆಲ್‌ಗೂ ಬೇರೆ ಬೇರೆಯಾಗಿ ಅಂಟಿದ ನಾಯ್ಸಿನ ಮಾನಕ ವಿಚಲನೆ 3 ಎಂದುಕೊಳ್ಳಿ. 255ರ ಅಳತೆಗೋಲಿನಲ್ಲಿ ಇದೇನೂ ದೊಡ್ಡದಲ್ಲ, ಕಣ್ಣಿಗೆ ಬೀಳುವುದೂ ಕಷ್ಟ. ಲಾಪ್ಲಾಸಿಯನ್ ಇದನ್ನು ಎಷ್ಟು ಹಿಗ್ಗಿಸುತ್ತದೆ ಎನ್ನಲು ಅದರ ಗುಣಾಂಕಗಳ ವರ್ಗಗಳನ್ನು ಕೂಡಬೇಕು: ನಡುವಿನ ನಾಲ್ಕರ ವರ್ಗ 16, ಸುತ್ತಲಿನ ನಾಲ್ಕು ಒಂದುಗಳಿಂದ 4, ಒಟ್ಟು 20. ನಾಯ್ಸಿನ ವೇರಿಯನ್ಸ್ 9. ಗುಣಿಸಿದರೆ 180. ಅಂದರೆ ಲೆನ್ಸಿನ ಮುಚ್ಚಳ ತೆಗೆಯದೆ ಒತ್ತಿದ ಫೋಟೋ ಕೂಡ, ಇಷ್ಟು ನಾಯ್ಸ್ ಇದ್ದರೆ, ನೂರರ ಗೆರೆಯನ್ನು ಆರಾಮವಾಗಿ ದಾಟುತ್ತದೆ! ನಮ್ಮ ಹತ್ತು ಅಂಚಿನ ಮಸುಕು ಚಿತ್ರಕ್ಕೆ ಇದನ್ನು ಕೂಡಿಸಿದರೆ 188. ಬೆಳಗಿನ ಬಿಸಿಲಲ್ಲಿ ತೆಗೆದ, ನಾಯ್ಸೇ ಇಲ್ಲದ ಸ್ಪಷ್ಟ ಚಿತ್ರದ 200ಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ ಎನ್ನುವಂತಾಯಿತು. ಕಲ್ಯಾಣ ಮಂಟಪದ ಮಂದ ಬೆಳಕಿನಲ್ಲಿ ಐಎಸ್ಒ ಏರಿಸಿ ತೆಗೆದ ಫೋಟೋಗಳ ಮೇಲೆ ಈ ಪ್ರೋಗ್ರಾಂ ಓಡಿಸಿದವರು "ಮಸುಕಾದದ್ದೆಲ್ಲ ಪಾಸು, ಚೆನ್ನಾಗಿರುವುದೇ ಫೇಲು" ಎಂದು ಗೊಣಗುವುದರ ಹಿಂದೆ ಬಹುಮಟ್ಟಿಗೆ ಈ 20 ಎಂಬ ಗುಣಕವಿದೆ.

ಪರಿಹಾರವೆಂದರೆ ಲಾಪ್ಲಾಸಿಯನ್ ಹಾಕುವ ಮೊದಲು ಚಿತ್ರವನ್ನು ತುಸು ನಯಗೊಳಿಸುವುದು. ಮಸುಕನ್ನು ಅಳೆಯಲು ಮೊದಲು ನಾವೇ ಮಸುಕು ಮಾಡುವುದು ವಿಚಿತ್ರವಾಗಿ ಕಾಣುತ್ತದೆ, ಆದರೆ ಲೆಕ್ಕ ಅದರ ಪರವಾಗಿದೆ. 3×3ರ ಗಾಸಿಯನ್ ನಯಗೊಳಿಕೆಯ ಬಳಿಕ ನಾಯ್ಸಿನ ಗುಣಕ 20ರಿಂದ ಸುಮಾರು 0.41ಕ್ಕೆ ಇಳಿಯುತ್ತದೆ, 180 ಇದ್ದದ್ದು 3.7 ಆಗುತ್ತದೆ. ಹರಿತವಾದ ಹತ್ತು ಅಂಚುಗಳ ಕೊಡುಗೆ 200ರಿಂದ 25ಕ್ಕೆ ಇಳಿಯುತ್ತದೆ, ಮಸುಕಾದ ಹತ್ತು ಅಂಚುಗಳದ್ದು 8ರಿಂದ 3ಕ್ಕೆ. ನಾಯ್ಸ್ ಸೇರಿಸಿ ನೋಡಿದರೆ ಮೊದಲು 380 ಮತ್ತು 188 ಇದ್ದವು ಈಗ 28.7 ಮತ್ತು 6.7. ಎರಡು ಪಟ್ಟಿನ ಅಂತರ ನಾಲ್ಕು ಪಟ್ಟು ಮೀರಿತು. ಡೇವಿಡ್ ಮಾರ್ ಮತ್ತು ಎಲೆನ್ ಹಿಲ್ಡ್ರೆತ್ 1980ರಲ್ಲಿ ಅಂಚು ಹುಡುಕುವ ತಮ್ಮ ಸಿದ್ಧಾಂತದಲ್ಲಿ ಗಾಸಿಯನ್ ಮತ್ತು ಲಾಪ್ಲಾಸಿಯನ್ನುಗಳನ್ನು ಜೋಡಿಯಾಗಿ ಬಳಸಿದ್ದು ಸುಮ್ಮನೆ ಅಲ್ಲ. ಒಂದು ಎಚ್ಚರ ಬೇಕು: ಮೊಬೈಲ್ ಕ್ಯಾಮೆರಾಗಳ ನಾಯ್ಸ್ ಇಷ್ಟು ಸ್ವಚ್ಛವಾಗಿ ಬಿಡಿಬಿಡಿಯಾಗಿರುವುದಿಲ್ಲ, ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಹಬ್ಬಿ ಗುಪ್ಪೆಗುಪ್ಪೆಯಾಗಿರುತ್ತದೆ. ಹಾಗಾಗಿ ನಿಜದಲ್ಲಿ ಸಿಗುವ ಲಾಭ ಮೇಲಿನದಕ್ಕಿಂತ ಕಡಿಮೆ.

ಈ 28.7 ಮತ್ತು 6.7ರ ಮುಂದೆ ನೂರರ ಗೆರೆ ಎಲ್ಲಿ ಹೋಯಿತು? ನಯಗೊಳಿಸಿದ ಕೂಡಲೇ ಅದಕ್ಕೆ ಅರ್ಥವಿಲ್ಲ. ಚಿತ್ರದ ಗಾತ್ರ ಬದಲಿಸಿದರೂ ಇಲ್ಲ. OpenCVಯಲ್ಲಿ `ksize` ಬೆಲೆಯನ್ನು 1ರಿಂದ 3ಕ್ಕೆ ಏರಿಸಿದರೆ ಗುಣಾಂಕಗಳೇ ಬೇರೆಯಾಗುತ್ತವೆ, ನಡುವೆ -4ರ ಬದಲು -8 ಬರುತ್ತದೆ. ಗೆರೆ ಮತ್ತೆ ಜರುಗುತ್ತದೆ. `cv2.CV_64F` ಎನ್ನುವುದನ್ನು ಮರೆತು `cv2.CV_8U` ಎಂದರೆ ಋಣ ಬೆಲೆಗಳೆಲ್ಲ ಸೊನ್ನೆಗೆ ಕತ್ತರಿಸಿಹೋಗಿ ಪ್ರತಿ ಅಂಚಿನ ಅರ್ಧ ಭಾಗವೇ ಕಾಣೆಯಾಗುತ್ತದೆ, ಯಾವ ಎರರ್ ಸಂದೇಶವೂ ಬರುವುದಿಲ್ಲ. ಯಾರೋ ಹೇಳಿದ ಗಡಿಸಂಖ್ಯೆಯನ್ನು ಅವರ ಗಾತ್ರ, ಅವರ ನಯಗೊಳಿಕೆ, ಅವರ ಗುಣಾಂಕ ಯಾವುದೂ ತಿಳಿಯದೆ ಎರವಲು ಪಡೆಯುವುದು ವ್ಯರ್ಥ ಕೆಲಸ.

ಗಾತ್ರದ ವಿಷಯ ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಹನ್ನೆರಡು ಮೆಗಾಪಿಕ್ಸೆಲ್ ಫೋಟೋದ ಉದ್ದ 4000 ಪಿಕ್ಸೆಲ್. ಅದನ್ನು 1000ಕ್ಕೆ ಕುಗ್ಗಿಸಿದರೆ ನಾಲ್ಕು ಪಿಕ್ಸೆಲ್ ಅಗಲದ ಮಸುಕು ಒಂದು ಪಿಕ್ಸೆಲ್ ಆಗುತ್ತದೆ, ಅಂಚು ಹರಿತವಾಗಿ ಕಾಣುತ್ತದೆ, ಅಂಕ ಏರುತ್ತದೆ. ಇದು ಮೋಸವೇ? ನನ್ನ ಮಟ್ಟಿಗೆ ಅಲ್ಲ. ಮೊಬೈಲ್ ಪರದೆಯಲ್ಲಿ ನೋಡುವ, ಅಂಗೈ ಅಗಲದ ಪ್ರಿಂಟ್ ಹಾಕಿಸುವ ಫೋಟೋದಲ್ಲಿ ಆ ಮಸುಕು ಯಾರಿಗೂ ಕಾಣುವುದಿಲ್ಲ. ಗೋಡೆಗೆ ಹಾಕುವ ದೊಡ್ಡ ಫ್ರೇಮಿಗಾದರೆ ಕಾಣುತ್ತದೆ. ಯಾವ ಗಾತ್ರದಲ್ಲಿ ಅಳೆಯಬೇಕು ಎನ್ನುವುದನ್ನು ಫೋಟೋ ಎಲ್ಲಿಗೆ ಹೋಗುತ್ತದೆ ಎನ್ನುವುದೇ ನಿರ್ಧರಿಸಬೇಕು. ಆದರೆ ಒಂದೇ ಸಂಗ್ರಹದೊಳಗಿನ ಎಲ್ಲ ಚಿತ್ರಗಳನ್ನೂ ಒಂದೇ ಗಾತ್ರಕ್ಕೆ ತರಲೇಬೇಕು. ಅಡ್ಡ ಮತ್ತು ಉದ್ದ ಹಿಡಿದ ಫೋಟೋಗಳು ಬೆರೆತಿರುತ್ತವಾದ್ದರಿಂದ ಅಗಲವನ್ನಲ್ಲ, ಉದ್ದನೆಯ ಬದಿಯನ್ನು ಸ್ಥಿರವಾಗಿಡಬೇಕು.

```python
import cv2, numpy as np

def score(path, side=1000):
    g = cv2.imread(path, cv2.IMREAD_GRAYSCALE)
    if g is None:
        return None
    k = side / max(g.shape)
    g = cv2.resize(g, None, fx=k, fy=k,
                   interpolation=cv2.INTER_AREA)
    g = cv2.GaussianBlur(g, (3, 3), 0)
    L = cv2.Laplacian(g, cv2.CV_64F)
    h, w = L.shape
    v = [L[i*h//8:(i+1)*h//8, j*w//8:(j+1)*w//8].var()
         for i in range(8) for j in range(8)]
    return np.percentile(v, 90)
```

`None` ಬಂದರೆ ಅದನ್ನು ಮಸುಕು ಎಂದು ಎಣಿಸಬಾರದು, ಓದಲಾಗದ ಫೈಲು ಎಂದು ಬೇರೆ ಪಟ್ಟಿಗೆ ಸೇರಿಸಬೇಕು. ಐಫೋನಿನ HEIC ಫೈಲುಗಳು ಸಾಮಾನ್ಯವಾಗಿ ಹೀಗೆ ಕೈಕೊಡುತ್ತವೆ. ನಮ್ಮವರಿಗೆ ಇನ್ನೊಂದು ತೊಡಕಿದೆ: ವಿಂಡೋಸಿನಲ್ಲಿ ಫೋಲ್ಡರಿಗೆ "ಅಕ್ಕನ ಮದುವೆ" ಎಂದು ಕನ್ನಡದಲ್ಲಿ ಹೆಸರಿಟ್ಟಿದ್ದರೆ `cv2.imread` ಆ ದಾರಿಯನ್ನು ಓದಲಾರದೆ `None` ಕೊಟ್ಟುಬಿಡುತ್ತದೆ. ಅಲ್ಲಿ `np.fromfile`ನಿಂದ ಬೈಟುಗಳನ್ನು ಓದಿ `cv2.imdecode`ಗೆ ಕೊಡಬೇಕು.

ಕೋಡಿನ ಕೊನೆಯ ಸಾಲುಗಳು ಇನ್ನೊಂದು ದೊಡ್ಡ ತಪ್ಪನ್ನು ತಡೆಯಲೆಂದು ಇವೆ. ಮದುಮಗಳ ಮುಖ ಮಾತ್ರ ಸ್ಪಷ್ಟವಾಗಿದ್ದು ಹಿನ್ನೆಲೆ ಬೆಣ್ಣೆಯಂತೆ ಕರಗಿದ ಫೋಟೋ ಛಾಯಾಗ್ರಾಹಕನ ಹೆಮ್ಮೆ. ಮುಖ ಚಿತ್ರದ ಹತ್ತನೇ ಒಂದು ಭಾಗ, ಅಲ್ಲಿನ ವೇರಿಯನ್ಸ್ 900. ಉಳಿದೆಡೆ 2 ಎನ್ನಿ. ಒಟ್ಟು ಸರಾಸರಿ 92ರ ಸುಮಾರು. ನೂರರ ಗೆರೆ ಇಡೀ ಆಲ್ಬಮ್ಮಿನ ಅತ್ಯುತ್ತಮ ಫೋಟೋವನ್ನು ಹೊರಗೆ ಎಸೆಯುತ್ತದೆ. ಅದಕ್ಕೇ ಚಿತ್ರವನ್ನು 64 ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಬೇರೆಯಾಗಿ ಅಳೆದು, ಮೇಲಿನ ಹತ್ತು ಶೇಕಡಾದ ಗಡಿಯಲ್ಲಿರುವ ಬೆಲೆಯನ್ನು ತೆಗೆದುಕೊಳ್ಳುವುದು. ಏಳು ಚೌಕಗಳಾದರೂ ಹರಿತವಾಗಿದ್ದರೆ ಫೋಟೋ ಉಳಿಯುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಬೆಲೆಯನ್ನೇ ಏಕೆ ತೆಗೆದುಕೊಳ್ಳಬಾರದು ಎಂದರೆ, ಮೂಲೆಯಲ್ಲಿ ಅಚ್ಚಾದ ದಿನಾಂಕದ ಅಕ್ಷರಗಳು ಎಷ್ಟೇ ಮಸುಕಾದ ಚಿತ್ರದಲ್ಲೂ ಹರಿತವಾಗಿರುತ್ತವೆ; ಒಂದೆರಡು ಚೌಕಗಳಿಂದಲೇ ಚಿತ್ರ ಪಾಸಾಗಿಬಿಡುತ್ತದೆ. ಸರ್ಕಾರಿ ಕಾಮಗಾರಿಗಳ ದಾಖಲೆಗೆ ತೆಗೆಯುವ, ಕೆಳಗೆ ನಕ್ಷೆ, ವಿಳಾಸ, ಅಕ್ಷಾಂಶ-ರೇಖಾಂಶ ಎಲ್ಲ ಮುದ್ರಿಸಿಕೊಂಡ ಜಿಪಿಎಸ್ ಫೋಟೋಗಳಲ್ಲಿ ಈ ಪಟ್ಟಿ ಹತ್ತಾರು ಚೌಕಗಳನ್ನು ತುಂಬುತ್ತದೆ. ಅಂಥ ಸಂಗ್ರಹಕ್ಕೆ ಅಳತೆಗೆ ಮೊದಲು ಕೆಳಭಾಗವನ್ನು ಕತ್ತರಿಸಿಡುವುದು ಬಿಟ್ಟು ಬೇರೆ ದಾರಿಯಿಲ್ಲ.

ಚೌಕಗಳಿಗೂ ದಕ್ಕದ ತಪ್ಪೊಂದಿದೆ. ಮಂಟಪದ ಹಿಂದಿನ ಹೂವಿನ ಅಲಂಕಾರದ ಮೇಲೆ ಫೋಕಸ್ ಕೂತು ಮುಂದಿನ ಮುಖಗಳು ಮಂಕಾಗಿದ್ದರೆ ಈ ಲೆಕ್ಕಕ್ಕೆ ಏನೂ ಗೊತ್ತಾಗುವುದಿಲ್ಲ. ಯಾವುದು ಮುಖ್ಯ ಎಂಬುದು ಪಿಕ್ಸೆಲ್‌ಗಳ ನಡುವಿನ ವ್ಯತ್ಯಾಸದಲ್ಲಿ ಬರೆದಿರುವುದಿಲ್ಲ. ಮನುಷ್ಯರ ಫೋಟೋಗಳಿಗೆ ಮೊದಲು ಮುಖ ಗುರುತಿಸುವ ಪ್ರೋಗ್ರಾಂ ಓಡಿಸಿ, ಮುಖದ ಚೌಕದೊಳಗೆ ಮಾತ್ರ ವೇರಿಯನ್ಸ್ ಅಳೆಯುವುದು ಇದಕ್ಕಿರುವ ನಿಜವಾದ ಪರಿಹಾರ. ಮುಖಗಳೆಲ್ಲ ಒಂದಿಷ್ಟು ಒಂದೇ ರೀತಿ ಇರುವುದರಿಂದ, ಒಂದೇ ಗಾತ್ರಕ್ಕೆ ತಂದ ಮುಖಗಳ ನಡುವೆ ಈ ಅಂಕ ಇಡೀ ಚಿತ್ರದ ಅಂಕಕ್ಕಿಂತ ಎಷ್ಟೋ ನಂಬಿಕಸ್ಥ.

ಕೈ ಅಲುಗಿ ಹಾಳಾದ ಫೋಟೋಗಳ ಕಥೆ ಬೇರೆ. ಕ್ಯಾಮೆರಾ ಅಡ್ಡಕ್ಕೆ ಸರಿದರೆ ಲಂಬವಾದ ಅಂಚುಗಳು ಹರಡುತ್ತವೆ, ಅಡ್ಡ ಅಂಚುಗಳು ತಮ್ಮ ಉದ್ದಕ್ಕೆ ತಾವೇ ಜಾರುವುದರಿಂದ ಹಾಗೆಯೇ ಹರಿತವಾಗಿ ಉಳಿಯುತ್ತವೆ. ನಮ್ಮ ಹಳೆಯ ಲೆಕ್ಕವನ್ನೇ ಮುಂದುವರಿಸಿದರೆ, 1000×1000ರ ಚಿತ್ರದಲ್ಲಿ ಹತ್ತು ಲಂಬ, ಹತ್ತು ಅಡ್ಡ ಅಂಚುಗಳಿದ್ದಾಗ ನಯಗೊಳಿಸದ ಒಟ್ಟು ಬೆಲೆ ಸುಮಾರು 400. ಅಡ್ಡಕ್ಕೆ ಐದು ಪಿಕ್ಸೆಲ್ ಅಲುಗಿದರೆ 208. ಕಣ್ಣಿಗೆ ಸಹಿಸಲಾಗದ ಫೋಟೋ, ಅಂಕದಲ್ಲಿ ಬರೀ ಅರ್ಧ ಇಳಿಕೆ. ಸೀರಿಯಲ್ ಸೆಟ್ಟಿನ ಬಲ್ಬುಗಳಿದ್ದರಂತೂ ಅಲುಗಿದಾಗ ಪ್ರತಿ ಬಲ್ಬೂ ಒಂದೊಂದು ಹೊಳೆಯುವ ಗೆರೆಯಾಗಿ ಹೊಸ ಅಂಚುಗಳನ್ನು ಹುಟ್ಟಿಸುತ್ತದೆ, ಅಂಕ ಏರಲೂಬಹುದು. ಈ ವಿಧಾನ ಫೋಕಸ್ ತಪ್ಪಿದ್ದನ್ನು ಹಿಡಿಯಲು ಹುಟ್ಟಿದ್ದು. ಅಲುಗಾಟವನ್ನು ಹಿಡಿಯುವುದರಲ್ಲಿ ಅದು ಅರೆಕುರುಡು.

ಹಾಗಾದರೆ ಬೇರೆ ಅಳತೆಗಳು ಇದಕ್ಕಿಂತ ಮೇಲೇ? 2013ರಲ್ಲಿ ಪೆರ್ಟುಝ್, ಪುಯಿಗ್ ಮತ್ತು ಗಾರ್ಸಿಯಾ ಎಂಬ ಸಂಶೋಧಕರು ಫೋಕಸ್ ಅಳೆಯುವ 36 ವಿಧಾನಗಳನ್ನು ಒಟ್ಟಿಗಿಟ್ಟು ಹೋಲಿಸಿದರು. ನಾಯ್ಸ್ ಇಲ್ಲದ ಸಾಮಾನ್ಯ ಸ್ಥಿತಿಯಲ್ಲಿ ಲಾಪ್ಲಾಸಿಯನ್ ಕುಟುಂಬದ ಅಳತೆಗಳೇ ಒಟ್ಟಾರೆ ಮುಂದಿದ್ದವು. ನಾಯ್ಸ್ ಬಂದಾಗ ಹೆಚ್ಚು ತತ್ತರಿಸಿದವೂ ಅವೇ. ಅವರ ಹೋಲಿಕೆಯೂ ಒಂದೇ ದೃಶ್ಯದ ಬೇರೆ ಬೇರೆ ಫೋಕಸಿನ ಚಿತ್ರಗಳ ನಡುವಿನದು ಎನ್ನುವುದನ್ನು ಮರೆಯಬಾರದು. ಟೆನೆನ್‌ಗ್ರಾಡ್ ಎಂಬ ಹಳೆಯ ಅಳತೆ ಲಾಪ್ಲಾಸಿಯನ್ ಬದಲು ಸೋಬೆಲ್ ಬಳಸುತ್ತದೆ. ಏರು ಎಲ್ಲಿ ತಿರುಗುತ್ತದೆ ಎಂಬುದರ ಬದಲು ಏರು ಎಷ್ಟು ಕಡಿದಾಗಿದೆ ಎಂದು ನೋಡುತ್ತದೆ. ನಾಯ್ಸನ್ನು ಅದು ಹೆಚ್ಚು ಸಹಿಸುತ್ತದೆ, ಸಣ್ಣ ಮಸುಕಿಗೆ ಅಷ್ಟು ಚುರುಕಲ್ಲ. ಅಂಚುಗಳ ಸಂಖ್ಯೆಯನ್ನು ಅಂಚಿನ ಹರಿತದೊಡನೆ ಬೆರೆಸುವ ದೋಷ ಅದಕ್ಕೂ ಇದೆ.

ಆ ದೋಷದಿಂದ ನಿಜಕ್ಕೂ ತಪ್ಪಿಸಿಕೊಳ್ಳಲು ನೋಡುವುದು 2007ರಲ್ಲಿ ಕ್ರೆಟೆ ಮತ್ತು ಸಂಗಡಿಗರು ಮುಂದಿಟ್ಟ ವಿಧಾನ. ಚಿತ್ರವನ್ನು ಬೇಕೆಂದೇ ಇನ್ನಷ್ಟು ಮಸುಕು ಮಾಡಿ, ಮೂಲಕ್ಕೂ ಅದಕ್ಕೂ ಎಷ್ಟು ವ್ಯತ್ಯಾಸ ಬಂತು ಎಂದು ಅಳೆಯುತ್ತಾರೆ. ಸ್ಪಷ್ಟ ಚಿತ್ರ ಮಸುಕಾದಾಗ ಕಳೆದುಕೊಳ್ಳುವುದು ಬಹಳ. ಮೊದಲೇ ಮಸುಕಾಗಿದ್ದಕ್ಕೆ ಕಳೆದುಕೊಳ್ಳಲು ಹೆಚ್ಚೇನೂ ಇರುವುದಿಲ್ಲ. ಚಿತ್ರವನ್ನು ಅದರ ಜೊತೆಗೇ ಹೋಲಿಸುವುದರಿಂದ ಅಂಚು ಹತ್ತಿದೆಯೋ ಒಂದೇ ಇದೆಯೋ ಎಂಬುದು ಲೆಕ್ಕದಿಂದ ಬಹುಮಟ್ಟಿಗೆ ಹೊರಬೀಳುತ್ತದೆ. ಸೈಕಿಟ್-ಇಮೇಜ್ ಗ್ರಂಥಾಲಯದಲ್ಲಿ ಇದು `skimage.measure.blur_effect` ಎಂಬ ಹೆಸರಿನಲ್ಲಿ ಸಿದ್ಧವಿದೆ. 0 ಎಂದರೆ ಮಸುಕಿಲ್ಲ, 1 ಎಂದರೆ ಪೂರ್ತಿ ಮಸುಕು. ಬಿಳಿ ಗೋಡೆಯ ಚಿತ್ರ ಇಲ್ಲಿ ನ್ಯಾಯ ಪಡೆಯುತ್ತದೆ. ಗೆರೆಯೊಂದನ್ನು ಎಳೆದೇ ತೀರಬೇಕು, ಪ್ರತಿ ಫೋಟೋವೂ ಬೇರೆ ದೃಶ್ಯದ್ದು ಎನ್ನುವವರಿಗೆ ನಾನು ಲಾಪ್ಲಾಸಿಯನ್ನಿಗಿಂತ ಇದನ್ನೇ ಹೇಳುತ್ತೇನೆ. ಕಲಿಸಿದ ನರಜಾಲಗಳು ಇನ್ನೂ ಮುಂದೆ ಹೋಗುತ್ತವೆ, ಮುಖ-ಹಿನ್ನೆಲೆಯ ಭೇದವನ್ನೂ ಒಂದಿಷ್ಟು ತಿಳಿಯುತ್ತವೆ. ಆದರೆ ಒಂದು ಫೋಟೋ ಏಕೆ ಹೊರಬಿತ್ತು ಎಂದು ಕೇಳಿದರೆ ಅವುಗಳಿಂದ ಉತ್ತರ ಪಡೆಯುವುದು ಕಷ್ಟ. ಲಾಪ್ಲಾಸಿಯನ್ನಿನ ಪ್ರತಿ ತಪ್ಪಿನ ಕಾರಣವನ್ನೂ ನಾವು ಮೇಲೆ ಕೈಲೆಕ್ಕದಲ್ಲಿ ತೋರಿಸಿದೆವು. ಆ ಪಾರದರ್ಶಕತೆಗೆ ನನ್ನ ದೃಷ್ಟಿಯಲ್ಲಿ ಬೆಲೆಯಿದೆ.

ಅಷ್ಟೇ ಅಲ್ಲ, ದೊಡ್ಡ ಫೋಟೋ ಸಂಗ್ರಹಗಳಲ್ಲಿ ಡಯಾಟಮ್‌ನ ಹಳೆಯ ಪ್ರಶ್ನೆಗೆ ತಕ್ಕ ಸನ್ನಿವೇಶ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಧಾರೆ ಎರೆಯುವ ಆ ಅರೆ ನಿಮಿಷದಲ್ಲಿ ಛಾಯಾಗ್ರಾಹಕ ಗುಂಡಿ ಒತ್ತಿ ಹಿಡಿದಿರುತ್ತಾನೆ. ಎಂಟೋ ಹತ್ತೋ ಫೋಟೋಗಳು ಒಂದರ ಹಿಂದೆ ಒಂದು ಬೀಳುತ್ತವೆ. ಅದೇ ಜನ, ಅದೇ ಬೆಳಕು, ಅದೇ ಐಎಸ್ಒ, ಅದೇ ಹೂವಿನ ಹಿನ್ನೆಲೆ. ಅಂಚುಗಳ ಸಂಖ್ಯೆ, ನಾಯ್ಸ್, ಬೆಳಕಿನ ಅಂತರ ಎಲ್ಲ ಸರಿಸುಮಾರು ಒಂದೇ ಆಗಿರುವುದರಿಂದ ಉಳಿಯುವ ವ್ಯತ್ಯಾಸ ಹರಿತದ್ದು ಮಾತ್ರ. ಎಂಟು ಫೋಟೋಗಳ ಅಂಕ 41, 44, 43, 12, 39, 42, 27, 40 ಎಂದು ಬಂದರೆ, ನಾಲ್ಕನೆಯದು ಹಾಳು ಎಂದು ಯಾವ ಗಡಿಸಂಖ್ಯೆಯೂ ಇಲ್ಲದೆ ಹೇಳಬಹುದು. ಏಳನೆಯದು ಅನುಮಾನ: ಯಾರೋ ಅಕ್ಷತೆ ಎಸೆಯುತ್ತಾ ಅಡ್ಡ ಬಂದಿರಬಹುದು, ಅಥವಾ ಕೈ ತುಸು ಅಲುಗಿರಬಹುದು. ಅಲುಗಾಟದಿಂದ ಅಂಕ ಅರ್ಧ ಮಾತ್ರ ಇಳಿಯುತ್ತದೆ ಎಂಬುದು ಇಡೀ ಸಂಗ್ರಹದ ನಡುವೆ ಏನೂ ಅಲ್ಲ. ಗುಂಪಿನೊಳಗೆ ಅದು ಎದ್ದು ಕಾಣುತ್ತದೆ. ಗುಂಪಿನ ಅತಿ ಹೆಚ್ಚಿನ ಅಂಕದ ಅರ್ಧಕ್ಕಿಂತ ಕೆಳಗಿದ್ದರೆ ಪಕ್ಕಕ್ಕೆ ಇಡು, ಅರ್ಧದಿಂದ ಮುಕ್ಕಾಲರವರೆಗಿನದನ್ನು ಕಣ್ಣಿಂದ ನೋಡು ಎಂಬ ನಿಯಮದಿಂದ ಆರಂಭಿಸಬಹುದು.

ಗುಂಪು ಕಟ್ಟುವುದು ಕಷ್ಟವೇನಲ್ಲ. ಕ್ಯಾಮೆರಾ ಪ್ರತಿ ಫೈಲಿನೊಳಗೆ `DateTimeOriginal` ಎಂದು ಕ್ಲಿಕ್ಕಿಸಿದ ಸಮಯವನ್ನು ಬರೆದಿರುತ್ತದೆ. ಸಮಯದ ಕ್ರಮದಲ್ಲಿ ಜೋಡಿಸಿ, ಹಿಂದಿನ ಫೋಟೋದಿಂದ ಎರಡು ಸೆಕೆಂಡಿಗಿಂತ ಹೆಚ್ಚು ಬಿಡುವಿದ್ದಲ್ಲಿ ಹೊಸ ಗುಂಪು ಶುರು ಮಾಡಿದರಾಯಿತು. ಇಬ್ಬರು ಛಾಯಾಗ್ರಾಹಕರಿದ್ದರೆ ಇಬ್ಬರ ಗಡಿಯಾರವೂ ಒಂದೇ ಆಗಿರುವುದಿಲ್ಲ. ಕ್ಯಾಮೆರಾ ಪ್ರಕಾರ ಬೇರ್ಪಡಿಸಿದ ಮೇಲೆಯೇ ಗುಂಪು ಕಟ್ಟಬೇಕು. ನಡುವೆ ಜೂಮ್ ಬದಲಾಗಿದ್ದರೆ ಅದೂ ಹೊಸ ಗುಂಪೇ. ವಾಟ್ಸಾಪಿನಲ್ಲಿ ನೆಂಟರು ಕಳಿಸಿದ ಫೋಟೋಗಳು ಮಾತ್ರ ಈ ಬಲೆಗೆ ಬೀಳುವುದಿಲ್ಲ: ಸಮಯದ ಮಾಹಿತಿ ಅಳಿಸಿಹೋಗಿರುತ್ತದೆ, `IMG-20240512-WA0012.jpg` ಎಂಬಂಥ ಹೆಸರಿನಲ್ಲಿ ದಿನಾಂಕವಷ್ಟೇ ಉಳಿದಿರುತ್ತದೆ. ಜೊತೆಗೆ ಚಿತ್ರವನ್ನು ಹಿಂಡಿದ್ದರಿಂದ ಜೆಪಿಇಜಿಯ 8×8ರ ಚೌಕಗಳ ಗಡಿಗಳು ಸುಳ್ಳು ಅಂಚುಗಳಾಗಿ ಅಂಕವನ್ನು ಏರಿಸುತ್ತವೆ. ಅವನ್ನು ಕ್ಯಾಮೆರಾದ ಫೋಟೋಗಳ ಜೊತೆ ಒಂದೇ ಪಟ್ಟಿಯಲ್ಲಿ ಇಡಬಾರದು.

ಯಾವ ಗುಂಪಿಗೂ ಸೇರದ ಒಂಟಿ ಫೋಟೋಗಳಿಗೆ ಕೊನೆಗೂ ಗೆರೆಯೊಂದು ಬೇಕಾಗುತ್ತದೆ. ಅದನ್ನು ಅದೇ ಸಂಗ್ರಹದಿಂದಲೇ ತೆಗೆಯಬೇಕು. ಅಲ್ಲಲ್ಲಿಂದ ಮುನ್ನೂರು ಫೋಟೋ ಆರಿಸಿ, ಅಂಕ ನೋಡದೆ, ಉಳಿಸಬೇಕಾದ್ದು ಮತ್ತು ಬೇಡವಾದ್ದು ಎಂದು ಕಣ್ಣಿಂದ ಗುರುತು ಹಾಕಿ. ಆಮೇಲೆ ಅಂಕದ ಕ್ರಮದಲ್ಲಿ ಜೋಡಿಸಿ. ಎರಡು ರಾಶಿಗಳೂ ನಡುವೆ ಒಂದರೊಳಗೊಂದು ಬೆರೆತಿರುತ್ತವೆ, ಯಾವ ಒಂದೇ ಗೆರೆಯೂ ಅವನ್ನು ಪೂರ್ತಿ ಬಿಡಿಸಲಾರದು. ಆದ್ದರಿಂದ ಎರಡು ಗೆರೆ ಎಳೆಯಿರಿ. ಉಳಿಸಬೇಕಾದವುಗಳ ಪೈಕಿ ಅತಿ ಕಡಿಮೆ ಅಂಕದ ಫೋಟೋಗಿಂತ ಕೆಳಗೆ ಒಂದು. ಬೇಡವಾದವುಗಳ ಪೈಕಿ ಅತಿ ಹೆಚ್ಚಿನ ಅಂಕದ್ದಕ್ಕಿಂತ ಮೇಲೆ ಇನ್ನೊಂದು. ನಡುವಿನದನ್ನು ಮನುಷ್ಯರೇ ನೋಡಬೇಕು. ಇದು ಸೋಲು ಎಂದು ನನಗನ್ನಿಸುವುದಿಲ್ಲ. ಹತ್ತು ಸಾವಿರದಲ್ಲಿ ನೋಡಬೇಕಾದ್ದು ಒಂದೂವರೆ ಸಾವಿರಕ್ಕೆ ಇಳಿದರೂ ಒಂದು ಸಂಜೆಯ ಕೆಲಸವಾಯಿತು. ಮಸುಕಾದ ಫೋಟೋ ಉಳಿದುಕೊಂಡರೆ ನಷ್ಟ ಕೆಲವು ಎಂಬಿ ಜಾಗ. ಅಜ್ಜಿಯ ಕೊನೆಯ ಫೋಟೋ ಮಬ್ಬಾಗಿತ್ತು ಎಂದು ಹೊರಹೋದರೆ ಅದನ್ನು ಮತ್ತೆ ತೆಗೆಯಲಾಗುವುದಿಲ್ಲ. ಈ ಎರಡು ತಪ್ಪುಗಳಿಗೆ ಒಂದೇ ತೂಕ ಕೊಡುವ ಯಾವ ಗೆರೆಯೂ ಸರಿಯಲ್ಲ.

ಹಾಗಾಗಿ ಈ ಪ್ರೋಗ್ರಾಂ ಬರೆಯುವವರಿಗೆ ನನ್ನದೊಂದೇ ಮಾತು: `os.remove` ಬೇಡ, `shutil.move` ಬಳಸಿ. ಪ್ರತಿ ಫೋಟೋದ ಹೆಸರು, ಗುಂಪು, ಅಂಕ ಮೂರನ್ನೂ ಒಂದು CSV ಫೈಲಿನಲ್ಲಿ ಬರೆದಿಡಿ, ಪಕ್ಕಕ್ಕೆ ಸರಿಸಿದವನ್ನು ಬೇರೆ ಫೋಲ್ಡರಿನಲ್ಲಿ ಇಡಿ, ಮನೆಯವರು ಒಮ್ಮೆ ನೋಡುವವರೆಗೆ ಅದನ್ನು ಖಾಲಿ ಮಾಡಬೇಡಿ.